ಸಂಬಾಳಿಸುವವರು ಬೇಕಾಗಿದ್ದಾರೆ

ನಾನು ಪಿಯುಸಿ ಓದುವಾಗ ನಮ್ಮ ಶಿರೂರಿನ ಜಾತ್ರೆಯಲ್ಲಿ ಊರ ಹುಡುಗರು ಒಂದು ಸಾಮಾಜಿಕ ನಾಟಕ ಆಡಿದರು. ಬಾಗಲಕೋಟೆ ಸೀಮೆಯ ಹಳ್ಳಿಗಳಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದನ್ನು ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಗಂಡು ಪಾತ್ರಗಳನ್ನು ಊರಿನವರೇ ಮಾಡುತ್ತಾರೆ. ಒಬ್ಬ ನಾಟಕ ಮಾಸ್ತರ ಬಂದು ಒಂದೂವರೆ ಎರಡು ತಿಂಗಳು ರಾತ್ರಿ ಹೊತ್ತು ತಾಲೀಮು ಮಾಡಿಸುತ್ತಾನೆ. ಹಾರ್ಮೋನಿಯಂ ನುಡಿಸುವವನೂ ಅವನೇ, ಮಾತು ಮರೆತವರಿಗೆ ಕೆಳಗಿನಿಂದ ಎತ್ತಿಕೊಡುವವನೂ ಅವನೇ. ಹೆಣ್ಣು ಪಾತ್ರಗಳಿಗೆ ಮಾತ್ರ ಹೊರಗಿನಿಂದ ವೃತ್ತಿ ಕಲಾವಿದೆಯರನ್ನು ಕರೆಸುತ್ತಾರೆ. ಅವರು ನಾಟಕದ ದಿನ ಮಧ್ಯಾಹ್ನ ಬಸ್ಸಿಳಿದು, ಚಹಾ ಕುಡಿದು, ಹುಡುಗರ ಜೊತೆ ಒಂದು ಸಲ ಮಾತು ಹೊಂದಿಸಿಕೊಂಡು ರಾತ್ರಿ ರಂಗ ಹತ್ತುತ್ತಾರೆ.

ಆ ವರ್ಷ ನಾಯಕನ ಪಾತ್ರ ನಮ್ಮ ಕಾಕಾನ ಮಗನದು. ಟ್ರ್ಯಾಕ್ಟರ್ ಹೊಡೆಯುವ ಗಟ್ಟಿ ಆಳು, ಆದರೆ ಅಂದು ಜೀವನದಲ್ಲಿ ಮೊದಲ ಸಲ ಬಣ್ಣ ಹಚ್ಚಿದ್ದ. ಮೊದಲ ಅಂಕದಲ್ಲಿ ನಾಯಕ ಕಾಲೇಜು ಓದಲು ಪಟ್ಟಣಕ್ಕೆ ಹೊರಡುತ್ತಾನೆ. ಮೂರನೆಯ ಅಂಕದಲ್ಲಿ ಮಾಡದ ತಪ್ಪಿಗೆ ಜೈಲಿಗೆ ಹೊರಡುತ್ತಾನೆ. ಎರಡೂ ಕಡೆ ತಾಯಿಯ ಕಾಲು ಮುಟ್ಟಿ ಒಂದೇ ರೀತಿಯ ಮಾತಿನಿಂದ ಶುರುಮಾಡಬೇಕು. ನಮ್ಮವನು ಮೊದಲ ಅಂಕದಲ್ಲೇ ಕಾಲು ಮುಟ್ಟಿ, ಎದೆ ಸೆಟೆಸಿ, "ಅವ್ವಾ, ನಾ ಜೇಲಿಗೆ ಹೊಂಟೆ" ಅಂದುಬಿಟ್ಟ.

ಮಾಸ್ತರನ ಕೈ ಪೇಟಿಯ ಮೇಲೆ ನಿಂತಿತು. ಜನ ಒಂದು ಕ್ಷಣ ಸುಮ್ಮನಿದ್ದರು. ತಾಯಿಯ ಪಾತ್ರದ ಕಲಾವಿದೆ ಮಗನ ಗದ್ದ ಹಿಡಿದು ಮುಖ ಎತ್ತಿ ಅಂದಳು: "ಕಾಲೇಜಿಗೆ ಹೋಗೋ ಮಗನ ಅಂದ್ರ ಜೇಲಿಗೆ ಹೊಂಟೇನಂತೀಯಲ್ಲೋ. ಓದಂದ್ರ ನಿನಗ ಅಷ್ಟ್ಯಾಕೋ ಬ್ಯಾಸರ?" ಇಡೀ ಮೈದಾನ ಹೋ ಎಂದು ನಕ್ಕಿತು. ಹುಡುಗನಿಗೆ ತಾನು ಎಲ್ಲಿದ್ದೇನೆ ಎಂಬುದು ತಿಳಿಯಿತು. "ಇಲ್ಲಬೇ, ಕಾಲೇಜಿಗೇ" ಎಂದ. ನಾಟಕ ಹಳಿಗೆ ಬಂತು.

ಇದನ್ನು ಈಗ ನೆನಪಿಸಿಕೊಳ್ಳಲು ಕಾರಣವಿದೆ. ಕನ್ನಡ ಕಿರುತೆರೆಯ ಹಾಸ್ಯ ನನ್ನ ಪಿಎಚ್.ಡಿ. ವಿಷಯ. ಕೆಲವು ತಿಂಗಳ ಹಿಂದೆ ಒಂದು ವಿಚಾರಸಂಕಿರಣದಲ್ಲಿ, ಬೇರೆ ದೇಶಗಳಲ್ಲಿ ಹಾಸ್ಯ ಧಾರಾವಾಹಿಗಳು ಆಗೊಮ್ಮೆ ಈಗೊಮ್ಮೆ ಒಂದು ಸಂಚಿಕೆಯನ್ನು ನೇರಪ್ರಸಾರದಲ್ಲಿ ಆಡುತ್ತವೆ, ನಮ್ಮಲ್ಲಿ ಆ ರೂಢಿ ಯಾಕೆ ಬೆಳೆಯಲಿಲ್ಲ ಎಂದು ಕೇಳಿದೆ. ಕಿರುತೆರೆಯಲ್ಲಿ ಬಹುಕಾಲ ದುಡಿದ ಹಿರಿಯರೊಬ್ಬರು ನಕ್ಕು ಮೂರು ಮಾತು ಹೇಳಿದರು. ಒಂದು, ಲೈವ್ ನೋಡುವವರು ನಟರ ತಪ್ಪು ನೋಡಲು ಕೂತಿರುತ್ತಾರೆ, ಅದು ಕಲೆಯಲ್ಲ. ಎರಡು, ಅದು ಅಮೆರಿಕದವರ ಶೋಕಿ. ಮೂರು, ನಮ್ಮ ನಟರಿಂದ ಅದು ಆಗದು. ಸಭೆಯೂ ನಕ್ಕಿತು. ನನಗೆ ನಗು ಬರಲಿಲ್ಲ. ಈ ಮೂರೂ ಮಾತು ತಪ್ಪು ಎಂಬುದು ನನ್ನ ವಾದ. ಅದರಲ್ಲೂ ಮೂರನೆಯದು ಬರೀ ತಪ್ಪಲ್ಲ, ಅನ್ಯಾಯ.

ಮೊದಲನೆಯದನ್ನು ನೋಡೋಣ. ನೇರಪ್ರಸಾರದ ಹಾಸ್ಯ ಸಂಚಿಕೆಯ ಸೊಗಸು ಇರುವುದು ತಪ್ಪಿನಲ್ಲಿಯೇ? ಹಾಗಿದ್ದರೆ ಅದನ್ನು ಪಡೆಯಲು ಇಷ್ಟು ಕಷ್ಟಪಡಬೇಕಿಲ್ಲ. ಚಿತ್ರೀಕರಣದಲ್ಲಿ ನಟರು ಮುಗ್ಗರಿಸಿದ ತುಣುಕುಗಳನ್ನು ಒಟ್ಟುಮಾಡಿ ತೋರಿಸುವ ರೂಢಿ ನಮ್ಮ ವಾಹಿನಿಗಳಲ್ಲೂ ಇದೆ. ಅವನ್ನು ನೋಡಿ ಎರಡು ನಿಮಿಷ ನಕ್ಕು ಮರೆಯುತ್ತೇವೆ. ಯಾಕೆಂದರೆ ಆ ತಪ್ಪಿನಿಂದ ಯಾರಿಗೂ ಏನೂ ಆಗುವುದಿಲ್ಲ. ನಿರ್ದೇಶಕ 'ಕಟ್' ಅಂದಿದ್ದಾನೆ, ಇನ್ನೊಂದು ಟೇಕ್ ಆಗಿದೆ, ಸರಿಯಾದದ್ದು ಪ್ರಸಾರವೂ ಆಗಿದೆ. ತಪ್ಪನ್ನು ತಿದ್ದಿದವನು ಎಡಿಟರ್. ಅವನು ನಮಗೆ ಕಾಣುವುದಿಲ್ಲ.

ನೇರಪ್ರಸಾರದಲ್ಲಿ ತಿದ್ದುವ ಹೊಣೆ ಕತ್ತರಿಯ ಮೇಜಿನಿಂದ ಎದ್ದು ನಟರ ಬಳಿಗೆ ಬರುತ್ತದೆ. ಜನ ಕಾದು ಕೂರುವುದು ಇದಕ್ಕೆ. ಶಿರೂರಿನ ಜನ ನಕ್ಕದ್ದು ಕಾಕಾನ ಮಗನ ತಪ್ಪಿಗಲ್ಲ. ಅವನು ತಪ್ಪಿದಾಗ ಎಲ್ಲರೂ ಉಸಿರು ಹಿಡಿದಿದ್ದರು. ನಕ್ಕದ್ದು ಆ ಕಲಾವಿದೆಯ ಮಾತಿಗೆ. ಬಿದ್ದವನನ್ನು ನೋಡಿ ನಗುವುದಕ್ಕೂ ಎತ್ತಿದವಳ ಚುರುಕು ನೋಡಿ ನಗುವುದಕ್ಕೂ ಬಹಳ ಅಂತರವಿದೆ. ನಮ್ಮ ಕಡೆ ಇದಕ್ಕೆ ಒಳ್ಳೆಯ ಮಾತೊಂದಿದೆ: ಸಂಬಾಳಿಸುವುದು. ಮನೆ ಸಂಬಾಳಿಸುವವರಿಗೂ, ಕುಡಿದು ಬಂದವನನ್ನು ಸಂಬಾಳಿಸುವವರಿಗೂ, ನಾಟಕ ಸಂಬಾಳಿಸುವವರಿಗೂ ಅದೇ ಮಾತು.

ನಟರು ಹೇಗೆ ಸಂಬಾಳಿಸುತ್ತಾರೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ದಾರಿಗಳು ಮುಖ್ಯವಾಗಿ ಎರಡು. ಒಂದು, ಪಾತ್ರದೊಳಗೇ ಇದ್ದು ತಪ್ಪನ್ನು ಕಥೆಯೊಳಗೆ ನುಂಗಿಕೊಳ್ಳುವುದು. ಇನ್ನೊಂದು, ಪಾತ್ರದಿಂದ ಹೊರಬಂದು ತಪ್ಪನ್ನು ಒಪ್ಪಿಕೊಂಡು ಜನರ ಜೊತೆ ತಾನೂ ನಗುವುದು.

ಎರಡನೆಯ ದಾರಿಗೆ ಹೆಸರುವಾಸಿಯಾದ ಉದಾಹರಣೆ 2019ರ ಮೇ 22ರದು. ಅಮೆರಿಕದ ಎಬಿಸಿ ವಾಹಿನಿ 1970ರ ದಶಕದ 'ಆಲ್ ಇನ್ ದ ಫ್ಯಾಮಿಲಿ' ಮತ್ತು 'ದ ಜೆಫರ್ಸನ್ಸ್' ಎಂಬ ಎರಡು ಹಳೆಯ ಹಾಸ್ಯ ಧಾರಾವಾಹಿಗಳ ಒಂದೊಂದು ಸಂಚಿಕೆಯನ್ನು ಹೊಸ ನಟರಿಂದ, ಪ್ರೇಕ್ಷಕರ ಎದುರು, ನೇರಪ್ರಸಾರದಲ್ಲಿ ಆಡಿಸಿತು. ಜಾರ್ಜ್ ಜೆಫರ್ಸನ್ ಪಾತ್ರ ಮಾಡಿದ ಜೇಮೀ ಫಾಕ್ಸ್ ಒಂದು ಮಾತಿನಲ್ಲಿ ತೊಡರಿಕೊಂಡ. ಆತ ಅದನ್ನು ಮುಚ್ಚಲು ಹೋಗಲಿಲ್ಲ. ಇದು ಲೈವ್, ಮನೆಯಲ್ಲಿ ಕೂತವರು ತಮ್ಮ ಟಿವಿಯೇ ಕೆಟ್ಟಿತು ಅಂದುಕೊಂಡಿರುತ್ತಾರೆ ಎಂಬರ್ಥದ ಮಾತು ಹೇಳಿದ. ಎದುರಿಗಿದ್ದ ನಟರು ನಗು ತಡೆಯಲಾರದೆ ಒದ್ದಾಡಿದರು. ಮರುದಿನ ಎಲ್ಲರೂ ಆಡಿಕೊಂಡದ್ದು ಆ ಕ್ಷಣವನ್ನೇ.

ಅದು ಅಲ್ಲಿ ಒಪ್ಪಿತು. ಇಡೀ ಕಾರ್ಯಕ್ರಮವೇ ಹಳೆಯ ನಾಟಕವೊಂದಕ್ಕೆ ಸಲ್ಲಿಸುವ ಗೌರವವಾಗಿತ್ತು. ನೋಡುವವರಿಗೆ ಕಥೆ ಮೊದಲೇ ಗೊತ್ತು, ಫಾಕ್ಸ್ ಬೇರೆಯವರ ಪಾತ್ರ ತೊಟ್ಟು ನಿಂತವನು ಎಂಬುದೂ ಗೊತ್ತು. ಆ ತೊಟ್ಟ ಅಂಗಿ ಒಂದು ಗಳಿಗೆ ಜಾರಿದರೆ ಕಥೆ ಸಾಯುವುದಿಲ್ಲ. ಆದರೆ ನಡೆಯುತ್ತಿರುವ ಧಾರಾವಾಹಿಯೊಂದರ ಬಿಗಿಯಾದ ಪ್ರಸಂಗದಲ್ಲಿ ಹೀಗೆ ಹೊರಬಂದರೆ ಎಲ್ಲವೂ ಕುಸಿಯುತ್ತದೆ. ಬಿಬಿಸಿಯ 'ಈಸ್ಟ್‌ಎಂಡರ್ಸ್' ಧಾರಾವಾಹಿ 2015ರ ಫೆಬ್ರವರಿಯಲ್ಲಿ ತನ್ನ ಮೂವತ್ತನೆಯ ವರ್ಷಕ್ಕೆ ಒಂದು ವಾರ ನೇರಪ್ರಸಾರದ ದೃಶ್ಯಗಳನ್ನು ಮಾಡಿತು. ಅದರಲ್ಲಿ ನಟಿ ಜೋ ಜಾಯ್ನರ್, ಇಯಾನ್ ಎಂಬ ಪಾತ್ರ ಹೇಗಿದ್ದಾನೆ ಎಂದು ಕೇಳಬೇಕಾದಲ್ಲಿ ಆ ಪಾತ್ರ ಮಾಡುವ ನಟನ ನಿಜವಾದ ಹೆಸರಾದ ಆ್ಯಡಮ್ ಅಂದುಬಿಟ್ಟಳು. ಅದು ಮಗಳ ಕೊಲೆಯ ಗುಟ್ಟು ಬಿಚ್ಚುವ ಗಂಭೀರ ವಾರ. ಅಲ್ಲಿ ನಗುವಂತಿರಲಿಲ್ಲ, ಹೊರಬರುವಂತೆಯೂ ಇರಲಿಲ್ಲ. ದೃಶ್ಯ ನಿಲ್ಲದೆ ಮುಂದುವರಿಯಿತು. ಕೆಲವು ತಪ್ಪುಗಳನ್ನು ಸಂಬಾಳಿಸುವ ಬಗೆ ಏನೂ ಆಗಿಲ್ಲವೆಂಬಂತೆ ನಡೆದುಹೋಗುವುದೇ.

ಮಾತು ಮರೆಯುವುದಕ್ಕಿಂತ ಅಪಾಯಕಾರಿಯಾದದ್ದು ಮುಂದಿನ ಮಾತಿಗೆ ಹಾರುವುದು, ಅಂದರೆ ನಮ್ಮ ಕಾಕಾನ ಮಗ ಮಾಡಿದ್ದು. ರಂಗದ ಮೇಲೆ ಹಾರಿದರೆ ಎದುರಿನ ನಟ ಹಿಂದಕ್ಕೆ ಎಳೆದು ತರಬಹುದು. ಕ್ಯಾಮೆರಾ ಮುಂದೆ ಅಷ್ಟು ಸುಲಭವಿಲ್ಲ. ನೇರಪ್ರಸಾರದಲ್ಲಿ ಯಾವ ಮಾತಿಗೆ ಯಾವ ಕ್ಯಾಮೆರಾ ಯಾರ ಮುಖ ಹಿಡಿಯಬೇಕು ಎಂಬುದು ಮೊದಲೇ ನಿಗದಿಯಾಗಿರುತ್ತದೆ. ನಟ ಒಂದು ಪುಟ ಹಾರಿದರೆ ಮೂರು ನಾಲ್ಕು ಕ್ಯಾಮೆರಾಗಳು ಖಾಲಿ ಬಾಗಿಲನ್ನೋ ಮಾತಿಲ್ಲದ ಮುಖವನ್ನೋ ತೋರಿಸುತ್ತ ನಿಲ್ಲುತ್ತವೆ. ಆಗ ಎದುರಿನ ನಟ ಮಾಡಬೇಕಾದ ಕೆಲಸ ಎರಡು. ಕಥೆಗೆ ಬೇಕಾದ ಸಂಗತಿಯೇನಾದರೂ ಬಿಟ್ಟುಹೋಯಿತೇ ಎಂದು ನೋಡಬೇಕು. ಹೋಗಿದ್ದರೆ ಅದನ್ನು ಪ್ರಶ್ನೆಯಾಗಿ ತಿರುಗಿಸಿ ಕೇಳಬೇಕು. ಆ ಕಲಾವಿದೆಯ ಮಾತನ್ನು ಮತ್ತೆ ನೋಡಿ. "ಕಾಲೇಜಿಗೆ ಹೋಗೋ" ಎಂಬ ಮಾತಿನಲ್ಲಿ ಇದು ಯಾವ ಅಂಕ, ಯಾವ ಪ್ರಸಂಗ, ಮುಂದಿನ ಮಾತು ಏನು ಎಂಬ ಮೂರನ್ನೂ ಆಕೆ ಹುಡುಗನ ಕೈಗಿಟ್ಟಳು. ಅದನ್ನು ಮಗನನ್ನು ಬೈಯುವ ತಾಯಿಯಾಗಿಯೇ ಇಟ್ಟಳು. ಮಾಸ್ತರ ಕೆಳಗಿನಿಂದ ಎತ್ತಿಕೊಡಬೇಕಾದ ಮಾತನ್ನು ಪಾತ್ರವೇ ಎತ್ತಿಕೊಟ್ಟಿತು.

ಇನ್ನೊಂದು ತೊಡಕು ಹಾಸ್ಯಕ್ಕೇ ವಿಶೇಷವಾದದ್ದು. ಪ್ರೇಕ್ಷಕರು ಎಷ್ಟು ಹೊತ್ತು ನಗುತ್ತಾರೆ ಎಂದು ಯಾರೂ ಮೊದಲೇ ಹೇಳಲಾರರು. ತಾಲೀಮಿನಲ್ಲಿ ಇಪ್ಪತ್ತೆರಡು ನಿಮಿಷಕ್ಕೆ ಕೂತಿದ್ದ ಸಂಚಿಕೆ ಜನ ಮನಸಾರೆ ನಕ್ಕರೆ ಇಪ್ಪತ್ನಾಲ್ಕಕ್ಕೆ ಏರುತ್ತದೆ. ಮುಂದಿನ ಕಾರ್ಯಕ್ರಮ ಕಾಯುವುದಿಲ್ಲ. ಅದಕ್ಕೆ ಬರೆಯುವವರು ಕಥೆ ಕೆಡದಂತೆ ಬಿಡಬಹುದಾದ ಮಾತುಗಳನ್ನು ಗುರುತು ಮಾಡಿ ಇಟ್ಟಿರಬೇಕು. ನಟ ನಗು ಇಳಿಯುವ ತನಕ ಕಾಯಬೇಕು, ಆದರೆ ಪೂರ್ತಿ ಇಳಿಯುವ ಮೊದಲು ಮುಂದಿನ ಮಾತು ಹಿಡಿಯಬೇಕು. ಇದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಜನರ ಎದುರು ಸಾವಿರ ರಾತ್ರಿ ನಿಂತವರಿಗೆ ಬರುವಂಥದು.

ಇನ್ನು ಎರಡನೆಯ ಮಾತು, ಇದು ಅಮೆರಿಕದವರ ಶೋಕಿ ಎಂಬುದು. ಅಮೆರಿಕದಲ್ಲೂ ಇದು ಶೋಕಿಯಾಗಿ ಹುಟ್ಟಲಿಲ್ಲ. ಟೆಲಿವಿಷನ್ನಿನ ಮೊದಲ ವರ್ಷಗಳಲ್ಲಿ ಹಾಸ್ಯವೂ ನಾಟಕವೂ ಹೆಚ್ಚಾಗಿ ನೇರಪ್ರಸಾರದಲ್ಲೇ ನಡೆಯುತ್ತಿದ್ದವು. 1951ರಲ್ಲಿ ಶುರುವಾದ 'ಐ ಲವ್ ಲೂಸಿ' ಪ್ರೇಕ್ಷಕರನ್ನು ಎದುರಿಗೆ ಕೂರಿಸಿಕೊಂಡೇ, ಹಲವು ಕ್ಯಾಮೆರಾಗಳಿಂದ ಫಿಲ್ಮಿನ ಮೇಲೆ ಚಿತ್ರೀಕರಿಸುವ ಪದ್ಧತಿಯನ್ನು ಗಟ್ಟಿಮಾಡಿತು. ಫಿಲ್ಮ್ ಇದ್ದರೆ ಅದನ್ನು ಮತ್ತೆ ಮತ್ತೆ ತೋರಿಸಬಹುದು, ಬೇರೆಯವರಿಗೆ ಮಾರಬಹುದು. 1956ರಲ್ಲಿ ವಿಡಿಯೋ ಟೇಪ್ ಬಂದ ಮೇಲೆ ಈ ದಾರಿ ಇನ್ನೂ ಸಲೀಸಾಯಿತು. ನೇರಪ್ರಸಾರವನ್ನು ಹಾಸ್ಯದಿಂದ ಹೊರಗೆ ಕಳಿಸಿದ್ದು ಕಲೆಯಲ್ಲ, ಮರುಪ್ರಸಾರದ ಲೆಕ್ಕಾಚಾರ. ಎಲ್ಲರೂ ದಿನಾ ಮಾಡುತ್ತಿದ್ದದ್ದು ಹೀಗೆ ಅಪರೂಪವಾಯಿತು, ಅಪರೂಪವಾದದ್ದು ಹಬ್ಬವಾಯಿತು.

ಹಬ್ಬ ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ವಿಶೇಷ ಸಂಚಿಕೆಯೊಂದು ನಿಜವಾಗಿ ಹೇಗೆ ನಡೆಯುತ್ತದೆ ಎಂಬುದಕ್ಕೆ '30 ರಾಕ್' ಧಾರಾವಾಹಿ 2010ರ ಅಕ್ಟೋಬರ್ 14ರಂದು ಮಾಡಿದ ನೇರ ಸಂಚಿಕೆಯನ್ನು ನೋಡಬಹುದು. ಆ ಧಾರಾವಾಹಿ ಸಿನಿಮಾದಂತೆ ಪ್ರೇಕ್ಷಕರಿಲ್ಲದೆ ಚಿತ್ರೀಕರಣವಾಗುತ್ತಿತ್ತು. ಆ ಒಂದು ರಾತ್ರಿಗಾಗಿ ಅದು ನ್ಯೂಯಾರ್ಕಿನ ಎನ್‌ಬಿಸಿ ಕಟ್ಟಡದ, 'ಸ್ಯಾಟರ್ಡೇ ನೈಟ್ ಲೈವ್' ನಡೆಯುವ ಸ್ಟುಡಿಯೋಗೆ ಬಂತು, ಜನರ ಎದುರು ನಿಂತಿತು. ಅಮೆರಿಕದ ಪೂರ್ವ ಮತ್ತು ಪಶ್ಚಿಮ ತೀರಗಳಿಗೆ ಮೂರು ಗಂಟೆಗಳ ವ್ಯತ್ಯಾಸ ಇರುವುದರಿಂದ ಅದೇ ಸಂಚಿಕೆಯನ್ನು ಒಂದೇ ರಾತ್ರಿ ಎರಡು ಸಲ ಆಡಿದರು.

ಅವರ ಮುಖ್ಯ ತೊಡಕು ಹಿನ್ನೋಟದ ದೃಶ್ಯಗಳು. ಆ ಧಾರಾವಾಹಿಯ ಹಾಸ್ಯವೆಲ್ಲ ಗಕ್ಕನೆ ಹಿಂದಕ್ಕೆ ಹೋಗಿ ಬರುವ ಪುಟ್ಟ ದೃಶ್ಯಗಳಲ್ಲಿತ್ತು. ನಾಯಕಿ ಲಿಜ್ ಪಾತ್ರದ ಟೀನಾ ಫೇ ಈಗಿನ ದೃಶ್ಯದಲ್ಲಿ ನಿಂತಿರುವಾಗಲೇ ವೇಷ ಬದಲಿಸಿ ಹಿನ್ನೋಟದಲ್ಲೂ ಇರುವುದು ನೇರಪ್ರಸಾರದಲ್ಲಿ ಸಾಧ್ಯವಿಲ್ಲ. ಅದಕ್ಕೆ ಹಿನ್ನೋಟದ ಲಿಜ್ ಪಾತ್ರವನ್ನು ಜೂಲಿಯಾ ಲೂಯಿ-ಡ್ರೈಫಸ್ ಎಂಬ ಇನ್ನೊಬ್ಬ ಹೆಸರಾಂತ ನಟಿಗೆ ಕೊಟ್ಟರು. ಒಂದೇ ಪಾತ್ರ, ಎರಡು ಮುಖ. ಅಡಚಣೆಯನ್ನು ಮುಚ್ಚಿಡಲಿಲ್ಲ, ಅದನ್ನೇ ನಗೆಯಾಗಿಸಿದರು. ಇದಕ್ಕಿಂತ ನನಗೆ ಮುಖ್ಯವೆನಿಸಿದ್ದು ಕಥೆಯ ಇನ್ನೊಂದು ಎಳೆ. ಅದರಲ್ಲಿ ಟ್ರೇಸಿ ಎಂಬ ನಟನ ಪಾತ್ರ, ನಟರು ರಂಗದ ಮೇಲೆ ನಗು ತಡೆಯಲಾರದೆ ಹೋದಾಗ ಜನ ಖುಷಿಪಡುತ್ತಾರೆ ಎಂದು ಕಂಡುಕೊಂಡು ಬೇಕೆಂದೇ ನಗಲು ಶುರುಮಾಡುತ್ತಾನೆ. ನೇರಪ್ರಸಾರದ ಮೊದಲ ರೋಗ ಇದು ಎಂದು ಆ ಸಂಚಿಕೆಯೇ ಹೇಳಿತು. ತಪ್ಪಿಗೆ ಚಪ್ಪಾಳೆ ಬಿತ್ತೆಂದರೆ ನಟ ತಪ್ಪು ಮಾಡಲು ಕಲಿಯುತ್ತಾನೆ. ಬೇಕೆಂದು ಮಾಡಿದ ತಪ್ಪನ್ನು ಸಂಬಾಳಿಸಲು ಏನೂ ಇರುವುದಿಲ್ಲ.

ಇನ್ನೊಂದು ಪಾಠವೂ ಇದೆ. ಹಬ್ಬ ದಿನಾ ಬಂದರೆ ಹಬ್ಬವಲ್ಲ. 'ಅನ್‌ಡೇಟಬಲ್' ಎಂಬ ಅಮೆರಿಕದ ಹಾಸ್ಯ ಧಾರಾವಾಹಿ 2015ರಲ್ಲಿ ತನ್ನ ಮೂರನೆಯ ಸರಣಿಯನ್ನು ಪೂರ್ತಿ ನೇರಪ್ರಸಾರದಲ್ಲೇ ಮಾಡಿತು. ಅದೇ ಅದರ ಕೊನೆಯ ಸರಣಿಯಾಯಿತು. ನಾಟಕ ಕಂಪನಿಗಳು ದಿನಾ ರಾತ್ರಿ ಆಡುವುದಿಲ್ಲವೇ ಎಂದು ನೀವು ಕೇಳಬಹುದು. ಆಡುತ್ತವೆ, ಆದರೆ ದಿನಾ ಬೇರೆ ಬೇರೆ ಜನರ ಎದುರು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಸಾಲಾಗಿ ಥೇಟರ್ ಹಾಕುವ ಕಂಪನಿಗಳಿಗೆ ಇವತ್ತು ಬಂದವರು ನಾಳೆ ಬರಬೇಕಿಲ್ಲ, ನಾಳೆ ಬೇರೆ ಊರಿನ ಎತ್ತಿನ ಗಾಡಿಗಳು, ಟ್ರ್ಯಾಕ್ಟರುಗಳು ಬರುತ್ತವೆ. ಟಿವಿ ಮುಂದೆ ಕೂರುವವರು ಮಾತ್ರ ಅವರೇ. ಅವರಿಗೆ ಪಾತ್ರಗಳು ಮನೆಯವರಷ್ಟು ಗೊತ್ತು. ಅದಕ್ಕೇ ನೇರ ಸಂಚಿಕೆ ಹೊಸ ಧಾರಾವಾಹಿಗೆ ಒಗ್ಗುವುದಿಲ್ಲ. ಪಾತ್ರ ಹೇಗೆ ಮಾತಾಡುತ್ತದೆ ಎಂದು ಗೊತ್ತಿದ್ದವರಿಗಷ್ಟೇ ಅದು ತಪ್ಪಿದ್ದು ತಿಳಿಯುತ್ತದೆ, ತಪ್ಪಿದ್ದು ತಿಳಿದವರಿಗಷ್ಟೇ ಸಂಬಾಳಿಸಿದ್ದು ರುಚಿಸುತ್ತದೆ.

ಹೀಗಿರುವಾಗ ಇದು ನಮ್ಮದಲ್ಲ ಎನ್ನುವುದು ಹೇಗೆ? ಶಿರೂರಿನಿಂದ ದೂರವಿಲ್ಲದ ಹುನಗುಂದ ಸೀಮೆಯ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರು ಬರೆದ 'ಮುದುಕನ ಮದುವಿ' ನಾಟಕವನ್ನು ಕಂಪನಿಗಳು ಎಷ್ಟು ರಾತ್ರಿ ಆಡಿವೆ ಎಂದು ಲೆಕ್ಕ ಇಟ್ಟವರಿಲ್ಲ. ಅವರದೇ 'ಸಂಪತ್ತಿಗೆ ಸವಾಲ್' 1974ರಲ್ಲಿ ರಾಜಕುಮಾರ್ ಅಭಿನಯದ ಸಿನಿಮಾ ಆಯಿತು. ಇವು ಪುಸ್ತಕದಲ್ಲಿ ಉಳಿದ ನಾಟಕಗಳಲ್ಲ, ನಟರ ಬಾಯಲ್ಲಿ ಬೆಳೆದವು. ಮಾಸ್ಟರ್ ಹಿರಣ್ಣಯ್ಯನವರು 'ಲಂಚಾವತಾರ'ದಲ್ಲಿ ಆ ದಿನದ ಸುದ್ದಿಯನ್ನು ಆ ದಿನವೇ ಮಾತಿನೊಳಗೆ ಹೆಣೆಯುತ್ತಿದ್ದರು. ಪಾತ್ರದಿಂದ ಹೊರಬಂದು ಜನರ ಜೊತೆ ನೇರ ಮಾತಾಡಿ ಮತ್ತೆ ಪಾತ್ರದೊಳಗೆ ಹೋಗುತ್ತಿದ್ದರು. ಜೇಮೀ ಫಾಕ್ಸ್ ತಪ್ಪಿದಾಗ ಮಾಡಿದ್ದನ್ನು ಅವರು ತಪ್ಪದೆಯೇ ಮಾಡುತ್ತಿದ್ದರು. ಪಾತ್ರದೊಳಗೆ ನುಂಗುವ ದಾರಿ, ಹೊರಬಂದು ನಗುವ ದಾರಿ, ಎರಡೂ ನಮ್ಮ ರಂಗಭೂಮಿಗೆ ತಿಳಿದಿದ್ದವು.

ನೇರಪ್ರಸಾರಕ್ಕೆ ನಮಗೊಂದು ಅನುಕೂಲವೂ ಇದೆ. ದೇಶಕ್ಕೆಲ್ಲ ಒಂದೇ ಗಡಿಯಾರ. ಅಮೆರಿಕದವರಂತೆ ಎರಡು ಸಲ ಆಡಬೇಕಿಲ್ಲ. ಬೀದರಿನಿಂದ ಚಾಮರಾಜನಗರದವರೆಗೆ, ಕಾಸರಗೋಡಿನಿಂದ ಸೊಲ್ಲಾಪುರದವರೆಗೆ ಅದೇ ಮಾತಿಗೆ ಅದೇ ಗಳಿಗೆಯಲ್ಲಿ ಜನ ನಗಬಹುದು.

ಇನ್ನು ಮೂರನೆಯ ಮಾತು. ನಮ್ಮ ನಟರಿಂದ ಆಗದು. ಇದನ್ನು ಹೇಳುವವರು ಒಂದು ಸಂಗತಿಯನ್ನು ಮರೆಮಾಚುತ್ತಾರೆ. ನಮ್ಮ ಧಾರಾವಾಹಿಗಳ ಸೆಟ್ಟಿನಲ್ಲಿ ಸಹಾಯಕ ನಿರ್ದೇಶಕರು ಕ್ಯಾಮೆರಾ ಪಕ್ಕ ನಿಂತು ಮಾತನ್ನು ಗಟ್ಟಿಯಾಗಿ ಹೇಳಿಕೊಡುವ, ನಟರು ಅದನ್ನು ಕೇಳಿ ನುಡಿಯುವ, ಆಮೇಲೆ ಡಬ್ಬಿಂಗಿನಲ್ಲಿ ಆ ದನಿಯನ್ನು ಅಳಿಸುವ ಪದ್ಧತಿ ಬಹಳ ಕಾಲದಿಂದ ಇದೆ. ವಾರಕ್ಕೆ ಐದಾರು ಸಂಚಿಕೆ ಬೇಕು, ಚಿತ್ರಕಥೆ ಬೆಳಿಗ್ಗೆ ಕೈಗೆ ಬರುತ್ತದೆ, ತಾಲೀಮಿಗೆ ಹೊತ್ತಿಲ್ಲ. ಮಾತು ಕಂಠಪಾಠ ಮಾಡಲು ಸಮಯವನ್ನೇ ಕೊಡದೆ, ಇವರಿಗೆ ಮಾತು ನೆನಪಿರುವುದಿಲ್ಲ ಎಂದು ಹೇಳುವುದು ಯಾವ ನ್ಯಾಯ? ಕಂಪನಿ ನಾಟಕದಲ್ಲೂ ಮಾತು ಎತ್ತಿಕೊಡುವವನು ಇದ್ದ, ಮೊದಲ ಸಾಲಿನವರಿಗೆ ಅವನ ದನಿ ಕೇಳುತ್ತಿತ್ತು, ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಆದರೆ ಅವನು ನಟನ ಕೈಗೆ ಊರುಗೋಲು ಕೊಡುತ್ತಿದ್ದ, ಇಲ್ಲಿ ನಟನ ಕಾಲನ್ನೇ ಕಸಿದುಕೊಂಡಿದ್ದೇವೆ.

ನಮ್ಮ ಹಾಸ್ಯ ಧಾರಾವಾಹಿಗಳ ನೆನಪು ಬಡವಾದದ್ದಲ್ಲ. 'ಪಾಪ ಪಾಂಡು', 'ಸಿಲ್ಲಿ ಲಲ್ಲಿ' ನೋಡಿ ಬೆಳೆದ ತಲೆಮಾರು ನಮ್ಮದು. ಅವುಗಳ ಪಾತ್ರಗಳು ಒಂದು ವಾಕ್ಯ ಆಡಿದರೆ ಮುಂದಿನ ವಾಕ್ಯ ನಾವೇ ಹೇಳುತ್ತಿದ್ದೆವು. 'ಮಜಾ ಟಾಕೀಸ್' ಎದುರಿಗೆ ಪ್ರೇಕ್ಷಕರನ್ನು ಕೂರಿಸಿಕೊಂಡು ನಡೆಯಿತು. ಅದನ್ನು ನಡೆಸಿದ ಸೃಜನ್ ಲೋಕೇಶ್ ಅವರ ಅಜ್ಜ ಸುಬ್ಬಯ್ಯ ನಾಯ್ಡು ಕಂಪನಿ ನಾಟಕದಿಂದ ಬಂದು 1934ರ 'ಸತಿ ಸುಲೋಚನ'ದಲ್ಲಿ ನಟಿಸಿದವರು. ಗೊತ್ತಿರುವ ಪಾತ್ರಗಳಿವೆ, ಜನರ ಎದುರು ನಿಲ್ಲುವ ಅಭ್ಯಾಸವಿದೆ, ಮನೆತನದ ವಿದ್ಯೆಯೂ ಇದೆ. ಇಲ್ಲದ್ದು ಒಂದೇ, ಕತ್ತರಿಯನ್ನು ಒಂದು ರಾತ್ರಿಯಾದರೂ ಕೆಳಗಿಡುವ ಧೈರ್ಯ. ಅದು ನಟರಲ್ಲಿ ಇರಬೇಕಾದ ಧೈರ್ಯವಲ್ಲ, ಮಾಡಿಸುವವರಲ್ಲಿ ಇರಬೇಕಾದದ್ದು. ಅದರ ಬದಲು ನಮಗೆ ಸಿಗುವುದು ಎರಡು ಧಾರಾವಾಹಿಗಳನ್ನು ಒಂದು ಗಂಟೆಗೆ ಸೇರಿಸಿ ಹೊಲಿದ ಮಹಾಸಂಗಮ, ಯಾರೂ ನಗದಿದ್ದರೂ ಮೊದಲೇ ಮುದ್ರಿಸಿಟ್ಟ ನಗು.

ನೇರಪ್ರಸಾರವನ್ನು ನಾನು ಹಾಡಿ ಹೊಗಳುತ್ತಿಲ್ಲ. ಅದರ ಕ್ರೌರ್ಯವೂ ಗೊತ್ತು. 1958ರ ನವೆಂಬರ್ 30ರಂದು ಬ್ರಿಟನ್ನಿನ 'ಆರ್ಮ್‌ಚೇರ್ ಥಿಯೇಟರ್' ಮಾಲಿಕೆಯ ನೇರ ನಾಟಕವೊಂದರ ನಡುವೆ ಗ್ಯಾರೆತ್ ಜೋನ್ಸ್ ಎಂಬ ಯುವ ನಟ ಎರಡು ದೃಶ್ಯಗಳ ಮಧ್ಯೆ ಹೃದಯಾಘಾತದಿಂದ ತೀರಿಕೊಂಡ. ಉಳಿದವರು ಅವನ ಮಾತುಗಳನ್ನು ಹಂಚಿಕೊಂಡು, ಕಥೆ ಹೊಂದಿಸಿಕೊಂಡು ನಾಟಕ ಮುಗಿಸಿದರು. ಇದನ್ನು ವೃತ್ತಿನಿಷ್ಠೆ ಎಂದು ಕೊಂಡಾಡುವವರಿದ್ದಾರೆ. ನನಗೆ ಇದನ್ನು ಓದಿದಾಗಲೆಲ್ಲ ಅಂದು ಪರದೆ ಇಳಿಸಬೇಕಿತ್ತು ಅನ್ನಿಸುತ್ತದೆ. ಎಲ್ಲವನ್ನೂ ಸಂಬಾಳಿಸಬಾರದು. ಯಾವಾಗ ನಿಲ್ಲಿಸಬೇಕು ಎಂದು ತಿಳಿದಿರುವುದೂ ಆ ವಿದ್ಯೆಯ ಭಾಗವೇ, ನಿಲ್ಲಿಸುವ ಅಧಿಕಾರ ಯಾರಿಗೆ ಎಂಬುದು ಮೊದಲೇ ಗೊತ್ತಿರಬೇಕು.

ಆದ್ದರಿಂದ ನಾನು ಕೇಳುವುದು ಸಣ್ಣದು. ವರ್ಷಕ್ಕೆ ಒಂದು ರಾತ್ರಿ, ಜನ ಬಲ್ಲ ಒಂದು ಹಾಸ್ಯ ಧಾರಾವಾಹಿ, ಒಂದು ಮನೆಯ ಒಂದೇ ಪಡಸಾಲೆ. ಅದಕ್ಕೆ ಮುಂಚೆ ನಟರಿಗೆ ಸಂಬಳ ಸಹಿತ ಒಂದು ವಾರ ತಾಲೀಮು. ಬಿಡಬಹುದಾದ ಮಾತುಗಳ ಗುರುತು. ಮತ್ತು ಆ ಪಡಸಾಲೆಯ ಅಜ್ಜಿಗೋ ಪಕ್ಕದ ಮನೆಯವಳಿಗೋ, ಹಳ್ಳಿ ಹಳ್ಳಿ ತಿರುಗಿ ಊರ ಹುಡುಗರನ್ನು ಸಂಬಾಳಿಸಿದ ಒಬ್ಬ ವೃತ್ತಿ ಕಲಾವಿದೆ. ಇಂದು ಕಿರುತೆರೆ ಇಂಥವರನ್ನು ಕರೆದರೂ ಎರಡು ಮಾತಿನ ಕೆಲಸದವಳ ಪಾತ್ರಕ್ಕೆ ಕರೆಯುತ್ತದೆ. ಅವರ ಮುಖ ಬೇಕು, ಅವರ ವಿದ್ಯೆ ಬೇಡ. ನೇರ ಸಂಚಿಕೆಯಲ್ಲಿ ಅತಿ ಹೆಚ್ಚು ಬೆಲೆ ಬಾಳುವುದು ಆ ವಿದ್ಯೆಯೇ.

ಶಿರೂರಿನ ಆ ರಾತ್ರಿಯ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ನಸುಕಿನ ಮೂರು ಗಂಟೆಯ ಹೊತ್ತಿಗೆ ಮೂರನೆಯ ಅಂಕ ಬಂತು. ಪೋಲಿಸರು ಬಾಗಿಲಲ್ಲಿ ನಿಂತಿದ್ದರು. ಕಾಕಾನ ಮಗ ತಾಯಿಯ ಕಾಲು ಮುಟ್ಟಿದ. ಈಗ ಅದೇ ಮಾತು ಹೇಳಬೇಕು. ಹೇಳಿದರೆ ಜನ ನಗುತ್ತಾರೆ ಎಂದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಹಿಂದಿನ ಸಾಲಿನಲ್ಲಿ ಆಗಲೇ ಕೆಲವರು ಕಿಸಕ್ಕೆಂದಿದ್ದರು. "ಅವ್ವಾ, ನಾ ಜೇಲಿಗೆ ಹೊಂಟೆ" ಎಂದ. ನಗು ಏಳುವ ಮೊದಲೇ ಆಕೆ ಅವನ ತಲೆ ಎದೆಗೆ ಒತ್ತಿಕೊಂಡಳು. "ಅವತ್ತ ಬಾಯಿ ತಪ್ಪಿ ಅಂದಿದ್ದಿ ಮಗನ. ನಾ ಹುಚ್ಚಿ, ನಕ್ಕಬಿಟ್ಟೆ. ಇವತ್ತ ಖರೇ ಆತಲ್ಲೋ" ಅಂದಳು.

ಆ ಮಾತು ನಾಟಕದ ಪುಸ್ತಕದಲ್ಲಿ ಇರಲಿಲ್ಲ. ಇದ್ದಿದ್ದರೂ ಮೊದಲ ಅಂಕದ ಆ ತಪ್ಪು ಆಗದೆ ಅದಕ್ಕೆ ಅರ್ಥ ಬರುತ್ತಿರಲಿಲ್ಲ. ನನ್ನ ಪಕ್ಕ ಕೂತಿದ್ದ ನಮ್ಮ ದೊಡ್ಡವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮಾಸ್ತರ ಪೇಟಿ ಎತ್ತಿಕೊಂಡ. ಬೆಳಗಾಗುವ ಹೊತ್ತಿಗೆ ಆ ಕಲಾವಿದೆ ಮುಖದ ಬಣ್ಣ ಪೂರ್ತಿ ಹೋಗುವ ಮೊದಲೇ ಬಾಗಲಕೋಟೆಯ ಮೊದಲ ಬಸ್ಸು ಹತ್ತಿದಳು. ಅಂದು ರಾತ್ರಿ ಅವಳಿಗೆ ಬೇರೊಂದು ಊರಿನಲ್ಲಿ ನಾಟಕವಿತ್ತು, ಬೇರೆ ಹುಡುಗ, ಬೇರೆ ತಪ್ಪು. ನಮ್ಮ ನಟರಿಂದ ಆಗದು ಎಂದು ಯಾರಾದರೂ ಹೇಳಿದಾಗ ನಾನು ಆ ಬಸ್ಸನ್ನು ನೆನೆಯುತ್ತೇನೆ.